ನೋಂಬಿಗೆ ಮೊದಲಿನ ರಾತ್ರಿ

"ಕಳ್ಳ ಅಂತ ಬಾಯಿಬಿಟ್ಟು ಹೇಳಿ ಧಣಿ! ಕಣ್ಣಲ್ಲೇ ಇರಿಯುದು ಎಂತಕ್ಕೆ?"

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಬದಾಚೆಯ ದೇವಸ್ಯರ ರಬ್ಬರ್ ತೋಟದ ಮನೆಯಂಗಳದಲ್ಲಿ ರವೂಫ್ ನಿಂತಿದ್ದಾನೆ. ಹಣೆಗೆ ಕಟ್ಟಿದ ದೀಪ ಆರಿಲ್ಲ, ಕೈಯಲ್ಲಿ ಟ್ಯಾಪಿಂಗ್ ಕತ್ತಿ. ಕಳೆದ ಬುಧವಾರ ರಾತ್ರಿ, ಶೀಟು ಒಣಗಿಸುವ ಹೊಗೆಮನೆಯಿಂದ ರಬ್ಬರ್ ಶೀಟಿನ ಕಟ್ಟೊಂದು ಮಾಯವಾಗಿದೆ.

"ಆ ರಾತ್ರಿ ಎಲ್ಲಿದ್ದಿ ಮಾರಾಯ?" ದೇವಸ್ಯರ ಪ್ರಶ್ನೆ.

"ಪಳ್ಳಿಯಲ್ಲಿ. ತರಾವೀಹ್ ನಮಾಜಿಗೆ."

"ಕೇಳಿದ್ರಾ ಸುಳ್ಳು!" ಮೇಸ್ತ್ರಿ ಜೋಣಿ ಹಾರಿಬೀಳುತ್ತಾನೆ. "ತರಾವೀಹ್ ನೋಂಬಿನ, ಉಪವಾಸದ ತಿಂಗಳಲ್ಲಿ ಮಾತ್ರ ಅಂತ ಹೇಳಿದ್ದು ಇವನೇ. ನೋಂಬು ಶುರುವಾದದ್ದು ಗುರುವಾರ. ಬುಧವಾರ ಮಧ್ಯಾಹ್ನ ನನ್ನೆದುರೇ ಗಂಜಿ ಉಂಡಿದ್ದಾನೆ!"

ಸವಣೂರಿನಿಂದ ತಾಯಿ ಜೈನಬಮ್ಮನೊಂದಿಗೆ ಬಂದು ಇಲ್ಲಿ ಬಿಡಾರ ಹೂಡಿದ ರವೂಫನ ಕೈ, ಮರಕ್ಕೆ ಗಾಯ ಮಾಡದೆ ತೊಗಟೆಯನ್ನಷ್ಟೇ ಸವರುವ ಕೈ. ಆದರೆ ಎಪ್ಪತ್ತೊಂದನೇ ಇಸವಿಯ ಈ ರಂಜಾನಿನಲ್ಲಿ ಅವನು ಏನು ಮಾಡಿದರೂ ಸಂಶಯವೇ. ಬೆಳಗಿನ ಜಾವ ಬಿಡಾರದಲ್ಲಿ ಬೆಳಕೇಕೆ? "ಸುಹೂರ್. ಬೆಳಗಿನ ಬಾಂಗಿಗೆ ಮೊದಲು ಉಣ್ಣುವ ಊಟ. ಆಮೇಲೆ ಒಂದು ಹನಿ ನೀರೂ ಇಲ್ಲ" ಎನ್ನುತ್ತಾನೆ. ಸಂಜೆ ಕೆಲಸ ಬಿಟ್ಟು ಓಡುವುದೇಕೆ? "ಇಫ್ತಾರ್. ಹೊತ್ತು ಮುಳುಗಿದ ಕೂಡಲೇ ಖರ್ಜೂರ, ನೀರು. ತಡ ಮಾಡುವ ಹಾಗಿಲ್ಲ." ರಾತ್ರಿ ಅಷ್ಟು ಹೊತ್ತು ಎಲ್ಲಿ? "ರಾತ್ರಿಯ ಇಶಾ ನಮಾಜು ಮುಗಿದ ಮೇಲೆ ತರಾವೀಹ್. ಇಪ್ಪತ್ತು ರಕಅತ್, ಅಂದ್ರೆ ನಮಾಜಿನ ಇಪ್ಪತ್ತು ಸುತ್ತು, ಎರಡೆರಡಾಗಿ. ನಾಲ್ಕಾದ ಮೇಲೆ ಸ್ವಲ್ಪ ಕೂತು ದಣಿವಾರಿಸುದು. ಆ ವಿಶ್ರಾಂತಿಯಿಂದಲೇ ಆ ಹೆಸರು."

ಹಗಲಿಗೆ ಹಸಿವು ಸಾಕು. ಅದರ ಮೇಲೆ ಜೋಣಿಯ ಹದ್ದುಗಣ್ಣು ಬೇರೆ.

"ಧಣಿ, ಬುಧವಾರ ಸಂಜೆ ಚಂದ್ರ ಕಂಡಿತು," ರವೂಫ್ ಹಲ್ಲು ಕಚ್ಚಿ ಹೇಳುತ್ತಾನೆ. "ಚಂದ್ರ ಕಂಡ ಗಳಿಗೆಗೆ ತಿಂಗಳು ಶುರು. ನಮಗೆ ರಾತ್ರಿ ಮೊದಲು, ಹಗಲು ಆಮೇಲೆ. ಮೊದಲ ತರಾವೀಹ್ ಆ ರಾತ್ರಿಯೇ. ಮತ್ತೆ ಸುಹೂರ್. ಮತ್ತೆ ಗುರುವಾರದ ನೋಂಬು."

"ಕಥೆ ಕಟ್ಟುದು ನೋಡಿ!"

"ನೀನು ಸುಮ್ಮನಿರು ಜೋಣಿ." ಬಾಗಿಲಲ್ಲಿ ದೇವಸ್ಯರ ಹೆಂಡತಿ ಮೇರಿಕುಟ್ಟಿ. "ನಮ್ಮ ಹಬ್ಬವೂ ಹಿಂದಿನ ಸಂಜೆಯ ಪ್ರಾರ್ಥನೆಯಿಂದಲೇ ಶುರುವಾಗುದಲ್ವಾ? ಇಗರ್ಜಿಗೆ ಹೋಗಿ ಎಂತ ಕಲಿತದ್ದು ನೀನು? ಇವನ ತಿಂಗಳಿಗೆ ಬೇರೆ ನ್ಯಾಯವಾ?"

ದೇವಸ್ಯ ಗಂಟಲು ಸರಿಮಾಡಿಕೊಳ್ಳುತ್ತಾರೆ. ತಪ್ಪಾಯಿತು ಎನ್ನುವುದಿಲ್ಲ. "ಆಯ್ತು, ಹಾಗಿರ್ಬಹುದು. ಆದ್ರೂ ನಾಳೆಯಿಂದ ಹೋಗುವಾಗ ಚೀಲವನ್ನು ಜೋಣಿಗೆ ತೋರಿಸಿ ಹೋಗು."

"ಜೋಣಿಯ ಚೀಲ ಯಾರು ನೋಡುದು ಧಣಿ?"

ಜೋಣಿ ಹೊಗೆಮನೆಯ ಕಡೆ ಮುಖ ತಿರುಗಿಸುತ್ತಾನೆ. ರವೂಫ್ ದೀಪ ಆರಿಸಿ, ಕತ್ತಿಯ ಅಂಟು ಒರೆಸಿ, ಎರಡನ್ನೂ ಜಗಲಿಯ ಮೇಲಿಡುತ್ತಾನೆ.

"ನಿಮ್ಮ ಒಂದು ಮರದ ಎಲುಬಿಗೂ ನನ್ನ ಕತ್ತಿ ತಾಗಿಲ್ಲ. ಬೇಕಾದ್ರೆ ತೋಟ ಸುತ್ತಿ ನೋಡಿ."

ಮೇರಿಕುಟ್ಟಿ ಕರೆಯುತ್ತಾರೆ. ಅವನು ಇಳಿಜಾರಿನಲ್ಲಿ ಇಳಿದು ಹೋಗುತ್ತಾನೆ. ಬೆಳಗಿನ ಜಾವ ಅವನೇ ಸವರಿದ ಮರಗಳಿಂದ ರಬ್ಬರ್ ಹಾಲು ತೊಟ್ಟಿಕ್ಕುತ್ತಲೇ ಇದೆ. ಬಿಸಿಲೇರಿದರೂ ಎತ್ತುವವರಿಲ್ಲ. ಮರಕ್ಕೆ ಕಟ್ಟಿದ ಚಿಪ್ಪುಗಳಲ್ಲೇ ಅದು ಹೆಪ್ಪುಗಟ್ಟುತ್ತದೆ. ರವೂಫ್ ಬರುವುದಿಲ್ಲ.