ಬ್ಯಾಟರಿಯ ತಪ್ಪು

ಲ್ಯಾಪ್‌ಟಾಪ್ ರಿಪೇರಿ ಮಾಡುವ ಅಕ್ಕ ಆ ಮಧ್ಯಾಹ್ನ ಅಂಗಡಿಗೆ ಬೀಗ ಜಡಿದು ತಮ್ಮನ ಕೋಣೆಗೆ ಬಂದಳು. ಸ್ನಾಯುಗಳ ಕಾಯಿಲೆಯಿಂದ ಅವನು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಗೋಡೆಯಲ್ಲಿದ್ದ ಒಂದೇ ಪ್ಲಗ್ಗು ಉಸಿರಾಟದ ಯಂತ್ರಕ್ಕೆ ಮೀಸಲು. ಹಾಗಾಗಿ ಗೇಮಿಂಗ್ ಲ್ಯಾಪ್‌ಟಾಪನ್ನು ಹಜಾರದಲ್ಲಿ ಚಾರ್ಜ್ ಮಾಡಿಸಿ, ಬ್ಯಾಟರಿಯಲ್ಲೇ ಆಡುತ್ತಿದ್ದ. ಈಚೆಗೆ ಅವನ ರೇಸ್ ಕಾರು ತಿರುವು ತಿರುವಿಗೂ ಗೋಡೆಗೆ ಗುದ್ದುತ್ತಿತ್ತು.

"ನೀನು ಕೊಟ್ಟ ಈ ಡಬ್ಬಕ್ಕೆ ವಯಸ್ಸಾಗಿದೆ ಅಕ್ಕ, ನನಗಲ್ಲ," ಎಂದ ತಮ್ಮ.

ಅದೇ ನಿಜವಾಗಿರಲಿ ಎಂದು ಅಕ್ಕನಿಗೂ ಆಸೆ. ಚಾರ್ಜರ್ ಕೊಡುವಷ್ಟು ವಿದ್ಯುತ್ತನ್ನು ಬ್ಯಾಟರಿ ಕೊಡಲಾರದು. ಅದಕ್ಕೇ ಯಂತ್ರ ತಾನಾಗಿಯೇ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ಪಿನ ವೇಗಕ್ಕೆ ಕಡಿವಾಣ ಹಾಕುತ್ತದೆ. ವಿಂಡೋಸ್‌ನ ಪವರ್ ಪ್ಲಾನನ್ನು ಗರಿಷ್ಠಕ್ಕೆ ಏರಿಸಿದಳು. ತೆರೆಯ ಮೇಲೆ ಸೆಕೆಂಡಿಗೆ ನಲವತ್ತರಂತೆ ಮೂಡುತ್ತಿದ್ದ ಚಿತ್ರಗಳು, ಅಂದರೆ ಫ್ರೇಮುಗಳು, ನಲವತ್ತಮೂರಾದವು, ಅಷ್ಟೇ. ಲ್ಯಾಪ್‌ಟಾಪ್ ಕಂಪನಿಯ ಆ್ಯಪ್‌ನಲ್ಲಿ ಪೂರ್ಣ ವೇಗದ ಟರ್ಬೊ ಮೋಡ್ ಒತ್ತಲು ಬಾರದಂತೆ ಮಂಕಾಗಿತ್ತು.

ಅಂಗಡಿಯಿಂದ ತಂದಿದ್ದ ಉದ್ದ ವೈರನ್ನು ಹಜಾರದಿಂದ ಎಳೆದು ಚಾರ್ಜರ್ ಚುಚ್ಚಿದಳು. ಟರ್ಬೊ ತೆರೆದುಕೊಂಡಿತು, ಫ್ಯಾನು ಮೊರೆಯಿತು, ಫ್ರೇಮುಗಳು ನೂರಹತ್ತು ಮುಟ್ಟಿದವು. ಚಿತ್ರ ಎಲ್ಲೂ ತಡವರಿಸಲಿಲ್ಲ.

ತಮ್ಮ ಮೂರು ಸುತ್ತು ಆಡಿದ. ಮೂರು ಸಲವೂ ಅದೇ ತಿರುವು, ಅದೇ ಗೋಡೆ. ಕಾರು ಗುದ್ದಿದ ಮೇಲಷ್ಟೇ ಅವನ ಬೆರಳು ಬ್ರೇಕ್ ಗುಂಡಿ ಒತ್ತುತ್ತಿತ್ತು.



"ಫ್ಯಾನ್ ಸದ್ದಿಗೆ ತಲೆನೋವು ಬರುತ್ತೆ ಕಣೆ, ಮತ್ತೆ ಬ್ಯಾಟರಿಗೇ ಹಾಕಿಬಿಡು," ಎಂದ ಅವನು.

ಅಕ್ಕ ವೈರು ಕಿತ್ತಳು. ಫ್ರೇಮುಗಳು ಮತ್ತೆ ನಲವತ್ತರ ಆಸುಪಾಸಿಗೆ ಇಳಿದವು. ಕಾರು ಗೋಡೆಗೆ ಗುದ್ದಿತು.

"ನೋಡಿದೆಯಾ ಅಕ್ಕ, ಡಬ್ಬ ಹೇಗೆ ಎಳೀತಿದೆ?"

"ಹೌದು ಕಣೋ," ಎಂದಳು ಅಕ್ಕ, ವೈರು ಸುತ್ತುತ್ತ, "ದರಿದ್ರ ಬ್ಯಾಟರಿ."