ನಾಲ್ಕನೆಯ ದಿನ ಬಯಲಾದ ಪದಕ

ಆ ಪೋಸ್ಟ್ ಮೊದಲು ಕಂಡದ್ದು ನನಗೋ ಅಕ್ಕನಿಗೋ, ಈಗ ಖಚಿತವಿಲ್ಲ. ಅಕ್ಕ ಅತ್ತಳೆಂದು ನನ್ನ ನೆನಪು, ಅವಳು ಇಲ್ಲವೆನ್ನುತ್ತಾಳೆ.

ಮಾದಾಪುರದ ಮನೆಯಲ್ಲಿ ಅಕ್ಕ ಜೇಡಿಮಣ್ಣಿನ ಒಡವೆ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತಾಳೆ. ಕಾಫಿ ಹೂವಿನ ಪದಕಗಳ ಹೊಸ ಸಂಗ್ರಹ ಬಿಡುವ ಮುನ್ನ ದಿನಕ್ಕೊಂದು ಚಿತ್ರ ಹಾಕುತ್ತ ಐದು ದಿನ ಜನರನ್ನು ಕಾಯಿಸಬೇಕೆಂದುಕೊಂಡಿದ್ದಳು. ಮೊದಲ ದಿನ ಮಣ್ಣು ಮೆತ್ತಿದ ಬೆರಳು, ಮರುದಿನ ಬಣ್ಣದ ಬಟ್ಟಲು, ಆಮೇಲೆ ಪದಕದ ಒಂದು ಅಂಚು, ನಾಲ್ಕನೆಯ ದಿನ ಅದರ ನೆರಳು. ಇಡೀ ಪದಕ ಕಾಣುವುದು ಐದನೆಯ ದಿನ, ಮಾರಾಟ ಅದರ ಮರುದಿನ.

ಸುಡುವಾಗ ಒಂದು ಎಸಳು ಬಿರುಕು ಬಿಟ್ಟಿದ್ದರಿಂದ ಮಾದರಿ ಪದಕವನ್ನು ಅಕ್ಕ ಮಾರುವಂತಿರಲಿಲ್ಲ. ಅದನ್ನು ಚಿಕ್ಕಮ್ಮನ ಮಗಳು ಮದುವೆಯೊಂದಕ್ಕೆ ಹಾಕಿಕೊಳ್ಳಲು ಕೇಳಿದಳು. ಮದುವೆಗೆ ಒಡವೆ ಕೇಳಿದವರಿಗೆ ನಮ್ಮ ಮನೆಗಳಲ್ಲಿ ಇಲ್ಲವೆನ್ನುವುದಿಲ್ಲ.

"ಫೋಟೋ ಗೀಟೋ ಯಾರಿಗೂ ಕಳಿಸ್ಬೇಡ ಕಣೇ," ಎಂದಳು ಅಕ್ಕ.

"ಅಯ್ಯೋ ಅಕ್ಕ, ನಾನೇನು ನಿನ್ ಶತ್ರುನಾ?"

ನಾಲ್ಕನೆಯ ದಿನ ಬೆಳಿಗ್ಗೆ ಪೇಟೆಯ ಒಡವೆ ಅಂಗಡಿಯೊಂದರ ಪುಟದಲ್ಲಿ ಅದೇ ಪದಕ ಪೂರ್ತಿಯಾಗಿ ಕಂಡಿತು: 'ನಮ್ಮ ಹೊಸ ಡಿಸೈನ್, ಬುಕಿಂಗ್ ಶುರು.' ಅಕ್ಕ ಹಾಕಿದ ನೆರಳಿನ ಚಿತ್ರದ ಕೆಳಗೆ ಯಾರೋ, 'ಇದು ಆ ಅಂಗಡಿಯವರ ಕಾಪಿ ಅಲ್ವಾ?' ಎಂದು ಬರೆದರು. ಐದನೆಯ ದಿನ ಅಕ್ಕ ಏನನ್ನೂ ಹಾಕಲಿಲ್ಲ.

ಅಕ್ಕ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದಾಗ ಅವಳು ನಕ್ಕಳು. "ಕಾಫಿ ಹೂ ನಿನ್ನೊಬ್ಳ ತೋಟದಲ್ಲೇ ಬಿಡೋದಾ ಅಕ್ಕ? ಅವರಿಗೂ ಹೊಳ್ದಿರ್ಬೋದು."

ಪುರಾವೆಯಿಲ್ಲದೆ ಏನನ್ನೂ ನಂಬದ ನಾನು ಆ ಮಾತನ್ನು ಅರ್ಧ ನಂಬಿಬಿಟ್ಟಿದ್ದೆ.

ವಾರಗಳ ನಂತರ ಅಂಗಡಿಯವರ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಎಸಳಿನಲ್ಲಿ ಆ ಬಿರುಕು ಇತ್ತು.