ಖಾಲಿ ಬಿಟ್ಟ ಬಲಗಡೆ

ಆ ಮನುಷ್ಯನಿಗೆ ನನ್ನ ಮೇಲೆ ಮೊದಲ ದಿನವೇ ಸಿಟ್ಟು ಬಂತು. ನನಗೂ ಅವರ ಮೇಲೆ ಬಂತು. ಇಬ್ಬರದೂ ಇನ್ನೂ ಇಳಿದಿಲ್ಲ.

ನಾನು ಮುಂಬಯಿ ಪವಾಯಿಯ ಒಂದು ಕಚೇರಿಯಲ್ಲಿ ತರಬೇತಿ ವಿಡಿಯೊಗಳಿಗೆ ಸ್ಕ್ರಿಪ್ಟ್ ಬರೆಯುವವಳು. ವಿಲೆ ಪಾರ್ಲೆಯಲ್ಲಿ ನಮ್ಮದೊಂದು ಕನ್ನಡ ಸಂಘವಿದೆ. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ವಿಡಿಯೊ ಮಾಡುವುದು ಹೇಗೆಂದು ಭಾನುವಾರ ಒಂದಿಷ್ಟು ಹೇಳಿಕೊಡಿ ಎಂದು ಸಂಘದವರು ಕೇಳಿದರು. ಒಪ್ಪಿಕೊಂಡೆ. ಬಂದವರಲ್ಲಿ ಹೆಚ್ಚಿನವರು ಕಾಲೇಜಿನ ಹುಡುಗಿಯರು. ಮುಂದಿನ ಕುರ್ಚಿಯಲ್ಲಿ ಮಾತ್ರ ಸಂಘದ ಉಪಾಧ್ಯಕ್ಷರು, ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಕೈ ಕಟ್ಟಿ ಕೂತಿದ್ದರು. ಉಡುಪಿ ಕಡೆಯವರು. ಮುಂಬಯಿಯಲ್ಲಿ ಬಹಳ ಕಾಲ ನಾಟಕ ಆಡಿಸಿದವರು.

ನಾನು ಬೋರ್ಡಿನ ಮಧ್ಯೆ ಉದ್ದಕ್ಕೆ ಗೆರೆ ಎಳೆದೆ. ಎಡಗಡೆ ಆಡುವ ಮಾತು. ಬಲಗಡೆ ಕಾಣಿಸುವ ಶಾಟು ಮತ್ತು ಮಾತಲ್ಲದ ಸದ್ದು. ಅಡ್ಡಕ್ಕೆ ಓದಬೇಕು: ಈ ಮಾತು ಕೇಳುತ್ತಿರುವಾಗ ಪಕ್ಕದಲ್ಲಿ ಬರೆದದ್ದು ಕಾಣಬೇಕು. ಚಿತ್ರ ಬದಲಾದರೆ ಕೆಳಗೆ ಹೊಸ ಸಾಲು. ಯಾರೂ ಮಾತಾಡದ ಜಾಗದಲ್ಲಿ ಎಡಗಡೆಯನ್ನು ಧೈರ್ಯವಾಗಿ ಖಾಲಿ ಬಿಡಿ, ಬಲಗಡೆ ಮಾತ್ರ ಬಿಡಬೇಡಿ ಎಂದೆ. ಕಂಪ್ಯೂಟರಿನಲ್ಲಿ ಬರೆಯುವಾಗ ಟೇಬಲ್ ಹಾಕಿಕೊಳ್ಳಿ, ಸ್ಪೇಸ್ ಒತ್ತಿ ಒತ್ತಿ ಅಂಕಣ ಮಾಡಿದರೆ ಬೇರೆಯವರ ಕಂಪ್ಯೂಟರಿನಲ್ಲಿ ಮಾತೊಂದು ಕಡೆ, ಚಿತ್ರವೊಂದು ಕಡೆ ಆಗುತ್ತದೆ ಎಂದೂ ಹೇಳಿದೆ.

"ಮಾತು ಗಟ್ಟಿ ಇದ್ದರೆ ಬಲಗಡೆ ಎಂತಕ್ಕೆ?" ಎಂದರು ಅವರು. ಎದ್ದು ನಿಂತಿರಲಿಲ್ಲ, ಕೈ ಎತ್ತಿರಲಿಲ್ಲ.

"ಮಾತು ಕೇಳ್ತಿರೋವಾಗ ಜನ ಏನು ನೋಡ್ಬೇಕು ಸರ್?"

"ಮಾತಾಡುವವನನ್ನು. ನಾವು ಮತ್ತೆ ಇಷ್ಟು ವರ್ಷ ಎಂತ ಮಾಡಿದ್ದು?"

"ಅದು ನಾಟಕ."

"ನಿಮ್ಮದು ಕ್ಲರ್ಕ್ ಕೆಲಸ" ಎಂದು ಅವರು ಹುಡುಗಿಯರ ಕಡೆ ತಿರುಗಿ ನಕ್ಕರು. ಒಬ್ಬಿಬ್ಬರು ಅವರ ಜೊತೆ ನಕ್ಕೇಬಿಟ್ಟರು. ಉಳಿದ ಪಾಠವನ್ನು ಅವರ ಮುಖ ನೋಡದೆ ಮುಗಿಸಿದೆ.

ಆ ತಿಂಗಳೇ ಕುರ್ಲಾ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲು ಮುಚ್ಚುವುದರಲ್ಲಿತ್ತು. ಬಿಲ್ಡಿಂಗ್ ಒಡೆದು ಹೊಸದು ಕಟ್ಟುವವರಿದ್ದರು. ಅದರ ಕಡೆಯ ದಿನವನ್ನು ಚಿತ್ರಿಸಿ ಸಂಘದ ವಾರ್ಷಿಕೋತ್ಸವದಲ್ಲಿ ತೋರಿಸೋಣವೆಂದು ಸಮಿತಿ ತೀರ್ಮಾನಿಸಿತು. ಸ್ಕ್ರಿಪ್ಟು ಉಪಾಧ್ಯಕ್ಷರದು. ಸಮಿತಿಯವರು ಅದನ್ನು ನನಗೆ ನೋಡಲು ಕಳಿಸಿದರು. ಎರಡು ಅಂಕಣವೇನೋ ಇತ್ತು. ಎಡಗಡೆ ಪುಟಗಟ್ಟಲೆ ಭಾಷಣ. ಬಲಗಡೆ ಮೇಲಿಂದ ಕೆಳಗಿನವರೆಗೂ ಬಿಳಿ.

ಫೋನು ಮಾಡಿದೆ. "ಸರ್, ಆ ಹೋಟ್ಲು ಆಮೇಲೆ ಸಿಗಲ್ಲ. ದೋಸೆ ಕಾವಲಿ, ಅಡುಗೆಮನೆ, ಗಿರಾಕಿಗಳ ಕೈ, ಏನಾದ್ರೂ ಬರೀರಿ. ಕ್ಯಾಮೆರಾದವನು ಕಾಗದ ನೋಡ್ಕೊಂಡೇ ಕೆಲಸ ಮಾಡೋದು."

"ಅದು ನನಗೂ ಅವನಿಗೂ ಇರುವ ವಿಷಯ."

"ನಾನು ಬೇಕಾದ್ರೆ ತುಂಬಿಸಿ ಕೊಡ್ತೀನಿ."

"ನೀವು ಶೂಟಿಂಗಿಗೆ ಬರುವುದೂ ಬೇಡ, ಕಾಗದ ಮುಟ್ಟುವುದೂ ಬೇಡ. ಕಲಿಸುವ ಚಟ ನಿಮ್ಮ ಕ್ಲಾಸಿನಲ್ಲಿ ತೀರಿಸಿಕೊಳ್ಳಿ" ಎಂದು ಫೋನಿಟ್ಟರು.

ನಾನು ಹೋಗಲಿಲ್ಲ. ಕ್ಯಾಮೆರಾದವನು ನನ್ನ ಕಚೇರಿಗೂ ಕೆಲಸ ಮಾಡಿಕೊಡುತ್ತಿದ್ದವನು. ವಾರದ ಬಳಿಕ ಅವನು ಫುಟೇಜ್ ತಂದ. ಎಡಿಟಿಂಗ್ ಗೊತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಸಮಿತಿ ನನ್ನ ತಲೆಗೇ ಕಟ್ಟಿತ್ತು. ನೋಡುತ್ತಾ ಹೋದೆ. ಗಲ್ಲಾದ ಮುಂದೆ ಉಪಾಧ್ಯಕ್ಷರು, ಸೊಂಟದಿಂದ ಮೇಲಕ್ಕೆ. ಅದೇ ಜಾಗ, ಅದೇ ಅಳತೆ, ಮಾತಿನ ಮೇಲೆ ಮಾತು. ಹಿಂದೆ ಮಸುಕಾಗಿ ಯಾರೋ ತಟ್ಟೆ ಹಿಡಿದು ಓಡುತ್ತಾರೆ. ಹೋಟೆಲಿನ ಮಾಲೀಕರು ಒಂದು ಭುಜವಾಗಿ ಬಂದು ಹೋಗುತ್ತಾರೆ.

"ಬೇರೆ ಏನೂ ಇಲ್ವಾ?"

"ಪೇಪರ್ ಮೇಲೆ ಏನೂ ಇರ್ಲಿಲ್ಲ ಮೇಡಂ. ದೋಸೆ ಕಾವಲಿ ತಗೊಳ್ಳಾ ಅಂತ ಕೇಳ್ದೆ. ಸರ್ ಬೋಲೇ, ಜಿತನಾ ಲಿಖಾ ಹೈ ಉತನಾ ಕರೋ. ಬರ್ದಷ್ಟೇ ಮಾಡು ಅಂತ." ಚೀಲದಿಂದ ಇನ್ನೊಂದು ಕಾರ್ಡ್ ತೆಗೆದು ಸೇರಿಸಿದ: "ಅವ್ರು ಊಟಕ್ಕೆ ಕೂತಾಗ ಮೈಕ್ ಆನ್ ಬಿಟ್ಟಿದ್ದೆ. ಚಿತ್ರ ಇಲ್ಲ, ಹೋಟ್ಲಿನ ಸೌಂಡ್ ಮಾತ್ರ. ಎಡಿಟಲ್ಲಿ ಬೇಕಾಗುತ್ತೆ ಅಂತ ನೀವೇ ಹೇಳ್ತೀರಲ್ಲ."

ಮರುದಿನ ನಾನೇ ಕುರ್ಲಾಕ್ಕೆ ಹೋದೆ. ಬೋರ್ಡು ಇಳಿಸಿಯಾಗಿತ್ತು. ಸುತ್ತ ನೀಲಿ ತಗಡು. ಸಂದಿಯಲ್ಲಿ ಇಣುಕಿದರೆ ಒಡೆದ ಟೈಲ್ಸು ಕಂಡಿತು. ರಸ್ತೆಯಲ್ಲಿ ನಿಂತು ಆ ಮನುಷ್ಯನಿಗೆ ಗಟ್ಟಿಯಾಗಿ ಬೈದೆ. ಪಕ್ಕದಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಮಾಲೀಕರ ಮನೆ ಹುಡುಕಿಕೊಂಡು ಹೋದೆ. ಚಿತ್ರವಿಲ್ಲ, ಸದ್ದು ಮಾತ್ರ ಇದೆ ಎಂದು ಹೇಳಿ ಲ್ಯಾಪ್‌ಟಾಪಿನಲ್ಲಿ ಕೇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡರು.

"ಇದು ಹಿಂದಿನ ಬಾಗಿಲು" ಎಂದರು. "ಎಣ್ಣೆ ಹಾಕಿ ಅಂತ ಹೇಳಿ ಹೇಳಿ ನನಗೆ ಸಾಕಾಗಿತ್ತು."

ನಾನು ಅವಸರದಿಂದ ಫೋನಿನ ರೆಕಾರ್ಡರ್ ಒತ್ತಿದೆ.

"ಈಗ ಬಂತಲ್ಲ, ಲೋಟ ಕೌಂಟರಿಗೆ ಬಡಿದದ್ದು? ಚಹಾ ರೆಡಿ ಅಂತ ಅರ್ಥ. ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲ ಅಲ್ಲವಾ... ಇದು ನನ್ನ ಕೆಮ್ಮು." ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. "ಇದು ರುಬ್ಬುವ ಮೆಷಿನ್. ಅದನ್ನು ನಿಲ್ಲಿಸಿದರೆ ಒಂದು ಕ್ಷಣ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

ಮನೆಗೆ ಬಂದು ಟೇಬಲ್ ಹಾಕಿದೆ. ಮೊದಲು ಬಲಗಡೆ ತುಂಬಿಸಿದೆ: ಕಪ್ಪು ಪರದೆ, ಬಾಗಿಲಿನ ಕಿರುಗುಟ್ಟು. ಕಪ್ಪು ಪರದೆ, ಲೋಟದ ಬಡಿತ. ಪಕ್ಕದ ಎಡಗಡೆ ಅವರ ಮಾತು. ಮೆಷಿನ್ ನಿಲ್ಲುವ ಸಾಲಿನಲ್ಲಿ ಎಡಗಡೆ ಏನೂ ಬರೆಯಲಿಲ್ಲ. ಉಪಾಧ್ಯಕ್ಷರನ್ನು ಎರಡು ವಾಕ್ಯಕ್ಕೆ ಇಳಿಸಿದೆ. ಇಳಿಸುವಾಗ ಸಂತೋಷವಾಯಿತು.

ಸಮಿತಿಗೆ ತೋರಿಸಿದಾಗ ಉಪಾಧ್ಯಕ್ಷರು ಪೂರ್ತಿ ನೋಡಲಿಲ್ಲ. "ಪ್ರೊಜೆಕ್ಟರ್ ಹಾಳಾಗಿದೆ ಅಂತ ಜನ ಎದ್ದು ಹೋಗುತ್ತಾರೆ! ನನ್ನ ಮಾತು ಎಲ್ಲಿ?"

"ನಿಮ್ಮ ಮಾತಿಗೆ ಚಿತ್ರ ಇರ್ಲಿಲ್ಲ."

"ನಿಮಗೆ ಮನಸ್ಸಿರಲಿಲ್ಲ ಅನ್ನಿ."

"ಅದೂ ಇರ್ಲಿಲ್ಲ" ಎಂದೆ. ಅಧ್ಯಕ್ಷರು ನೀರು ಕುಡಿಯಿರಿ ಎಂದು ಇಬ್ಬರಿಗೂ ಲೋಟ ಮುಂದೆ ಮಾಡಿದರು. ನಾವಿಬ್ಬರೂ ಮುಟ್ಟಲಿಲ್ಲ.

ವಾರ್ಷಿಕೋತ್ಸವದಲ್ಲಿ ಉಪಾಧ್ಯಕ್ಷರ ಭಾಷಣದ ವಿಡಿಯೊವೇ ಓಡಿತು, ಒಂದಕ್ಷರ ಬಿಡದೆ. ಜನ ಒಬ್ಬೊಬ್ಬರಾಗಿ ಚಹಾಕ್ಕೆ ಎದ್ದು ಹೋದರು. ಕೊನೆಗೆ ಉಳಿದವರು ಚಪ್ಪಾಳೆಯನ್ನೂ ತಟ್ಟಿದರು. ನನ್ನ ಭಾನುವಾರದ ತರಗತಿಯನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ ಎಂದು ಆಮೇಲೆ ಮೆಸೇಜ್ ಬಂತು.

ನಾನು ಮಾಡಿದ್ದನ್ನು ಮಾಲೀಕರ ಮನೆಯ ಟಿವಿಯಲ್ಲಿ ಹಾಕಿದೆವು. ಹಳೆಯ ಅಡುಗೆಯವರು, ಸಪ್ಲಯರುಗಳು ನೆಲದ ಮೇಲೆ ಕೂತಿದ್ದರು. ಲೋಟ ಬಡಿದಾಗ ಒಬ್ಬರು "ಹಾಂ, ಆಯಾ, ಬಂದೆ!" ಎಂದು ಅರ್ಧ ಎದ್ದುಬಿಟ್ಟರು. ಎಲ್ಲರೂ ನಕ್ಕರು. ಮಾಲೀಕರು ನಗಲಿಲ್ಲ. ಮುಗಿದ ಮೇಲೆ ನನ್ನನ್ನು ಲಿಫ್ಟಿನವರೆಗೆ ಬಿಟ್ಟು, "ಸದ್ದು ಎಲ್ಲ ಸರಿ ಉಂಟು ಮೇಡಂ. ಆದರೆ ಒಂದು ಸಲ ಆ ಅಡುಗೆಮನೆ ನೋಡಬೇಕಿತ್ತು ನನಗೆ" ಎಂದರು.

ಲಿಫ್ಟಿನ ಬಾಗಿಲು ಎಳೆದುಕೊಂಡೆ. ಕೆಳಗಿಳಿಯುವಷ್ಟರಲ್ಲಿ ಉಪಾಧ್ಯಕ್ಷರ ಮೇಲಿನ ಸಿಟ್ಟು ಮತ್ತೆ ಏರಿತ್ತು.